ಕಿವಿಗೆ ಓದೋ ಸಂಖ್ಯೆ: ಅಂಕಿ, ಪರ್ಸೆಂಟು, ತಾರೀಕು ಕೇಳಿದವರ ತಲೇಲಿ ಉಳಿಯೋ ಹಾಗೆ ಹೇಳೋದು ಹೇಗೆ

ಮೊದಲು ಒಂದು ಪ್ಯಾರಾ ಕೊಡ್ತೀನಿ, ಉದಾಹರಣೆಗೆ ಅಂತ ನಾನೇ ಕಟ್ಟಿದ್ದು, ಯಾವುದೋ ಒಂದು ಗ್ರಂಥಾಲಯದ ವಾರ್ಷಿಕ ವರದಿ ಅಂದ್ಕೊಳ್ಳಿ. ಇದನ್ನ ಸಭೆಯಲ್ಲಿ ಎದ್ದು ನಿಂತು ಓದಬೇಕು, ಕೇಳೋರ ಕೈಯಲ್ಲಿ ಕಾಗದ ಇಲ್ಲ, ಸ್ಕ್ರೀನ್ ಮೇಲೂ ಏನೂ ಇಲ್ಲ.

"2024ರಲ್ಲಿ ಗ್ರಂಥಾಲಯದಿಂದ ಒಟ್ಟು 48,312 ಪುಸ್ತಕಗಳನ್ನು ಎರವಲು ಪಡೆಯಲಾಗಿದ್ದು, 2023ರ 39,127ಕ್ಕೆ ಹೋಲಿಸಿದರೆ ಶೇ. 23.5ರಷ್ಟು ಹೆಚ್ಚಳವಾಗಿರುವುದು ಕಂಡುಬಂದಿದೆ. ತಡವಾಗಿ ಹಿಂದಿರುಗಿಸಲಾದ ಪುಸ್ತಕಗಳ ಪ್ರಮಾಣವು ಶೇ. 8.1ರಿಂದ ಶೇ. 12.2ಕ್ಕೆ ಏರಿದೆ. ಸದಸ್ಯತ್ವ ನವೀಕರಣಕ್ಕೆ ಕೊನೆಯ ದಿನಾಂಕ 30-06-2025."

ಕಣ್ಣಲ್ಲಿ ಓದೋಕೆ ಇದರಲ್ಲಿ ಏನೂ ತೊಂದ್ರೆ ಇಲ್ಲ, ಅರ್ಥ ಆಗಲಿಲ್ಲ ಅಂದ್ರೆ ಕಣ್ಣು ಹಿಂದಕ್ಕೆ ಹೋಗಿ ಇನ್ನೊಂದ್ಸಲ ನೋಡಿ ಬರುತ್ತೆ. ಕಿವಿಗೆ ಆ ಅನುಕೂಲ ಇಲ್ಲ. ಇದನ್ನ ಹಾಗೇ ಜೋರಾಗಿ ಓದಿಬಿಟ್ಟು ಹತ್ತು ನಿಮಿಷ ಆದ್ಮೇಲೆ ಕೇಳಿದವರ ಹತ್ರ ಹೋಗಿ ಏನು ನೆನಪಿದೆ ಅಂತ ಕೇಳಿದ್ರೆ "ಏನೋ ಜಾಸ್ತಿ ಆಗಿದೆಯಂತೆ, ಜೂನ್‌ನಲ್ಲಿ ಏನೋ ಇದೆ" ಅಂತಾರೆ ಅಷ್ಟೇ. ಅವರು ಗಮನ ಕೊಟ್ಟಿಲ್ಲ ಅಂತ ಬೈಯೋದು ನನಗೆ ಸರಿ ಅನ್ಸಲ್ಲ, ಯಾಕಂದ್ರೆ ಗಮನ ಕೊಟ್ಟು ಕೇಳಿದ್ರೂ ಈ ವಾಕ್ಯಗಳು ಹಿಡಿಯೋಕೆ ಆಗೋವಂಥವಲ್ಲ.

ಯಾಕೆ ಆಗಲ್ಲ ಅನ್ನೋದನ್ನ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಮುಂದೆ ಮಾಡೋ ಬದಲಾವಣೆಗಳೆಲ್ಲಾ ಇಲ್ಲಿಂದಾನೇ ಹುಟ್ಟೋದು. ಕೇಳಿದ ಮಾತು ತಲೇಲಿ ಸ್ವಲ್ಪ ಹೊತ್ತು ಶಬ್ದದ ರೂಪದಲ್ಲೇ ಇರುತ್ತೆ, ಯಾರಾದ್ರೂ ಫೋನ್ ನಂಬರ್ ಹೇಳಿದಾಗ ಪೆನ್ ಸಿಗೋವರೆಗೂ ಒಳಗೊಳಗೇ ಹೇಳ್ಕೋತಾ ಇರ್ತೀವಲ್ಲ, ಅದೇ ಜಾಗ. ಅಲನ್ ಬ್ಯಾಡ್ಲಿ ಮತ್ತೆ ಗ್ರಹಾಂ ಹಿಚ್ ಅನ್ನೋ ಮನಶ್ಶಾಸ್ತ್ರಜ್ಞರು 1974ರಲ್ಲಿ ಈ ತಾತ್ಕಾಲಿಕ ನೆನಪಿನ ಬಗ್ಗೆ ಒಂದು ಮಾದರಿ ಕೊಟ್ರು, ಆಮೇಲಿನ ಪ್ರಯೋಗಗಳಲ್ಲಿ ಕಂಡಿದ್ದು ಏನಂದ್ರೆ ಈ ಜಾಗದಲ್ಲಿ ಹಿಡಿಯೋದು ಇಷ್ಟು ಪದ ಅನ್ನೋ ಲೆಕ್ಕಕ್ಕಿಂತ ಹೆಚ್ಚಾಗಿ ಇಷ್ಟು ಹೊತ್ತಿನ ಮಾತು ಅನ್ನೋ ಲೆಕ್ಕದಲ್ಲಿ, ಸುಮಾರು ಎರಡು ಸೆಕೆಂಡಲ್ಲಿ ಹೇಳಿ ಮುಗಿಸಬಹುದಾದಷ್ಟು. ಉದ್ದ ಪದ ಆದ್ರೆ ಕಡಿಮೆ ಹಿಡಿಯುತ್ತೆ, ಚಿಕ್ಕ ಪದ ಆದ್ರೆ ಜಾಸ್ತಿ. 1980ರಲ್ಲಿ ವೆಲ್ಷ್ ಮತ್ತೆ ಇಂಗ್ಲಿಷ್ ಎರಡೂ ಬರೋ ಜನರ ಮೇಲೆ ಒಂದು ಪ್ರಯೋಗ ನಡೀತು, ವೆಲ್ಷ್ ಅಂಕಿಗಳನ್ನ ಹೇಳೋಕೆ ಹೆಚ್ಚು ಹೊತ್ತು ಬೇಕು, ಅದಕ್ಕೇ ಅದೇ ಜನರು ವೆಲ್ಷ್‌ನಲ್ಲಿ ಕಡಿಮೆ ಅಂಕಿ ನೆನಪಿಟ್ಟುಕೊಂಡ್ರು, ಇಂಗ್ಲಿಷ್‌ನಲ್ಲಿ ಜಾಸ್ತಿ.

ಈಗ ನಮ್ಮ ಕನ್ನಡದ ಸಂಖ್ಯೆಗಳನ್ನ ನೋಡಿ. 48,312 ಅನ್ನೋದು ಕಾಗದದ ಮೇಲೆ ಐದೇ ಅಂಕಿ. ಬಾಯಲ್ಲಿ ಅದು "ನಲವತ್ತೆಂಟು ಸಾವಿರದ ಮುನ್ನೂರ ಹನ್ನೆರಡು", ಅಕ್ಷರ ಎಣಿಸಿದ್ರೆ ಹದಿನಾರು. ಸಭೆಯಲ್ಲಿ ಓದೋ ವೇಗದಲ್ಲಿ ಓದಿದ್ರೆ ಈ ಒಂದು ಸಂಖ್ಯೆಯೇ ಎರಡು ಸೆಕೆಂಡು ದಾಟಿಬಿಡುತ್ತೆ, ಅಂದ್ರೆ ಕೇಳೋರ ತಲೆಯಲ್ಲಿರೋ ಜಾಗ ಪೂರ್ತಿ ತುಂಬಿತು, ಅವರು ಇನ್ನೂ ಅದನ್ನ ಒಳಗೆ ಜೋಡಿಸ್ಕೋತಾ ಇರುವಾಗಲೇ "ಮೂವತ್ತೊಂಬತ್ತು ಸಾವಿರದ ನೂರ ಇಪ್ಪತ್ತೇಳು" ಅನ್ನೋ ಇನ್ನೊಂದು ಹದಿನೈದು ಅಕ್ಷರದ ಸಂಖ್ಯೆ ಬಂದು ಬೀಳುತ್ತೆ, ಮೊದಲನೇದು ಅಳಿಸಿ ಹೋಗುತ್ತೆ, ಎರಡನೇದು ಕೂರೋಷ್ಟರಲ್ಲಿ ಶೇಕಡಾ ಶುರು.

ಹಾಗಾಗಿ ಓದೋಕೆ ಮುಂಚೆ ಮಾಡಬೇಕಾದ ಮೊದಲ ಕೆಲಸ ಪೆನ್ನು ಹಿಡ್ಕೊಂಡು ಇದರಲ್ಲಿ ಯಾವ ಸಂಖ್ಯೆ ಜನ ಮನೆಗೆ ತಗೊಂಡು ಹೋಗಬೇಕು ಅಂತ ತೀರ್ಮಾನ ಮಾಡೋದು. ನಮ್ಮ ಪ್ಯಾರಾದಲ್ಲಿ ಇಸವಿಗಳೂ ಸೇರಿ ಎಂಟು ಕಡೆ ಅಂಕಿ ಬಂದಿದೆ. ನನ್ನ ಪ್ರಕಾರ ಕೇಳೋರಿಗೆ ನಿಜವಾಗ್ಲೂ ಬೇಕಾಗಿರೋದು ಒಂದು ತಾರೀಕು, ಯಾಕಂದ್ರೆ ಅದು ತಪ್ಪಿದ್ರೆ ಸದಸ್ಯತ್ವ ಹೋಗುತ್ತೆ, ಆಮೇಲೆ ತಡವಾಗಿ ಪುಸ್ತಕ ವಾಪಸ್ ಬರೋದು ಜಾಸ್ತಿ ಆಗಿದೆ ಅನ್ನೋ ವಿಷಯ. ಉಳಿದಿದ್ದಕ್ಕೆ ಅಂದಾಜು ಆಕಾರ ಸಿಕ್ಕಿದ್ರೆ ಸಾಕು. ಪೂರ್ತಿ ನಿಖರವಾದ ಅಂಕಿ ಬೇಕಾದವರಿಗೆ ವರದಿ ಇದ್ದೇ ಇದೆ.

ಆಕಾರ ಅಂದ್ರೆ ಏನು ಅಂದ್ರೆ, 48,312 ಅನ್ನೋದನ್ನ "ನಲವತ್ತೆಂಟು ಸಾವಿರ" ಅಂತ ಹೇಳೋದು. ಎಂಟು ಅಕ್ಷರಕ್ಕೆ ಇಳೀತು, ಅರ್ಧಕ್ಕರ್ಧ. ಕಳ್ಕೊಂಡಿದ್ದು ಮುನ್ನೂರು ಚಿಲ್ಲರೆ, ಅದು ಹೇಗಿದ್ರೂ ಯಾರ ತಲೆಯಲ್ಲೂ ಉಳೀತಿರಲಿಲ್ಲ. ನೆನಪಿನ ಬಗ್ಗೆ ಕೆಲಸ ಮಾಡಿರೋ ವ್ಯಾಲೆರಿ ರೇನಾ ಮತ್ತೆ ಚಾರ್ಲ್ಸ್ ಬ್ರೇನರ್ಡ್ ಹೇಳೋದೂ ಇದನ್ನೇ, ಕೇಳಿದ್ದರ ಅಕ್ಷರಶಃ ರೂಪ ಒಂದು ಕಡೆ, ಅದರ ಸಾರಾಂಶ ಇನ್ನೊಂದು ಕಡೆ ಬೇರೆ ಬೇರೆಯಾಗಿ ದಾಖಲಾಗುತ್ತೆ, ಅಕ್ಷರಶಃ ರೂಪ ಬೇಗ ಮಾಸುತ್ತೆ, ಸಾರಾಂಶ ಜಾಸ್ತಿ ಹೊತ್ತು ನಿಲ್ಲುತ್ತೆ. ಸಾರಾಂಶವನ್ನ ಕೇಳೋರೇ ಲೆಕ್ಕ ಹಾಕಿ ಮಾಡ್ಕೊಳ್ಳಲಿ ಅಂತ ಬಿಡೋ ಬದಲು ನಾವೇ ಮಾಡಿ ಕೊಟ್ರೆ ಅದು ಸರಿಯಾಗಿ ಕೂರುತ್ತೆ.

ಆದ್ರೆ ರೌಂಡ್ ಮಾಡೋದಕ್ಕೂ ಒಂದು ಮಿತಿ ಇದೆ. ಎರಡು ಸಂಖ್ಯೆ ಹೋಲಿಸೋವಾಗ ಎರಡನ್ನೂ ಬೇರೆ ಬೇರೆ ರೌಂಡ್ ಮಾಡಿದ್ರೆ ಮಧ್ಯದ ವ್ಯತ್ಯಾಸ ಸುಳ್ಳಾಗಬಹುದು. 12.4 ಇದ್ದಿದ್ದು 12.6 ಆಯ್ತು ಅಂದ್ಕೊಳ್ಳಿ, ರೌಂಡ್ ಮಾಡಿ "ಹನ್ನೆರಡು ಇದ್ದಿದ್ದು ಹದಿಮೂರು ಆಯ್ತು" ಅಂದ್ರೆ ಇಲ್ಲದ ದೊಡ್ಡ ಬದಲಾವಣೆ ಹುಟ್ಟಿಸಿದ ಹಾಗಾಯ್ತು. ಅಂಥ ಕಡೆ "ಹನ್ನೆರಡೂವರೆ ಹತ್ರಾನೇ ಇದೆ, ಹೆಚ್ಚೇನೂ ಬದಲಾಗಿಲ್ಲ" ಅನ್ನೋದೇ ಸತ್ಯಕ್ಕೆ ಹತ್ತಿರ. ಔಷಧಿ ಪ್ರಮಾಣ, ಮತ ಎಣಿಕೆಯ ಸಣ್ಣ ಅಂತರ, ಫೋನ್ ನಂಬರ್, ಇಂಥದ್ದನ್ನಂತೂ ರೌಂಡ್ ಮಾಡೋ ಹಾಗೇ ಇಲ್ಲ, ಅಲ್ಲಿ ಉಪಾಯ ಬೇರೆ, ತುಂಡು ಮಾಡೋದು. ಹತ್ತು ಅಂಕಿಯ ನಂಬರನ್ನ ಮೂರು, ಮೂರು, ನಾಲ್ಕು ಅಂತ ಒಡೆದು ನಡುನಡುವೆ ನಿಲ್ಲಿಸಿ ಹೇಳಿ, ಮತ್ತೆ ಎರಡನೇ ಸಲ ಹೇಳುವಾಗಲೂ ಅದೇ ಜಾಗದಲ್ಲೇ ಒಡೀರಿ. ಮೊದಲ ಸಲ ಮೂರು ಮೂರು ನಾಲ್ಕು, ಎರಡನೇ ಸಲ ಐದು ಐದು ಅಂತ ಹೇಳಿದ್ರೆ ಕೇಳೋರಿಗೆ ಅದು ಹೊಸ ನಂಬರ್ ಥರಾನೇ ಕೇಳ್ಸುತ್ತೆ, ಎರಡು ಸಲ ಹೇಳಿದ್ದರ ಲಾಭ ಸಿಗಲ್ಲ.

ಇನ್ನು ಸಂಖ್ಯೆ ವಾಕ್ಯದಲ್ಲಿ ಎಲ್ಲಿ ಕೂತಿರುತ್ತೆ ಅನ್ನೋದು, ಇದು ನನಗೆ ತುಂಬಾ ಮುಖ್ಯ ಅನ್ಸೋ ಭಾಗ. ಕೇಳಿದ ಅಂಕಿಗಳ ಪಟ್ಟಿಯಲ್ಲಿ ಕೊನೇದು ಸಾಮಾನ್ಯವಾಗಿ ಚೆನ್ನಾಗಿ ನೆನಪಿರುತ್ತೆ, ಯಾಕಂದ್ರೆ ಅದರ ದನಿ ಇನ್ನೂ ಕಿವಿಯಲ್ಲಿ ಉಳಿದಿರುತ್ತೆ. 1969ರಲ್ಲಿ ರಾಬರ್ಟ್ ಕ್ರೌಡರ್ ಮತ್ತೆ ಜಾನ್ ಮಾರ್ಟನ್ ಅನ್ನೋ ಮನಶ್ಶಾಸ್ತ್ರಜ್ಞರು ಒಂದು ವಿಷಯ ತೋರಿಸಿದ್ರು: ಪಟ್ಟಿ ಮುಗಿದ ತಕ್ಷಣ ಒಂದು ಹೆಚ್ಚುವರಿ ಪದ ಹೇಳಿದ್ರೆ, ಅದನ್ನ ನೆನಪಿಡೋದು ಬೇಡ ಅಂತ ಮೊದಲೇ ಹೇಳಿದ್ರೂ ಸಹ, ಕೊನೆಯ ಅಂಕಿ ಅಳಿಸಿ ಹೋಗೋದು ಜಾಸ್ತಿ ಆಗುತ್ತೆ. ಅದೇ ಜಾಗದಲ್ಲಿ ಮಾತಿನ ಬದಲು ಬರೀ ಒಂದು ಬೀಪ್ ಶಬ್ದ ಬಂದ್ರೆ ಅಂಥ ಹಾನಿ ಇಲ್ಲ. ಅಂದ್ರೆ ಅಂಕಿ ಆದ್ಮೇಲೆ ಬರೋ ಮನುಷ್ಯರ ಮಾತು, ಅದು ಎಷ್ಟೇ ಅರ್ಥ ಇಲ್ಲದ್ದಾದ್ರೂ, ಅಂಕಿಯನ್ನ ಒರೆಸಿ ಹಾಕುತ್ತೆ.

ಈಗ ಬರವಣಿಗೆಯ ಕನ್ನಡದ ವಾಕ್ಯದ ಬಾಲ ನೋಡಿ. "ಶೇ. 23.5ರಷ್ಟು ಹೆಚ್ಚಳವಾಗಿರುವುದು ಕಂಡುಬಂದಿದೆ". ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರೋದ್ರಿಂದ ಸಂಖ್ಯೆ ಮಧ್ಯ ಎಲ್ಲೋ ಸಿಕ್ಕಿಹಾಕೊಂಡು ಅದರ ಮೇಲೆ "ಹೆಚ್ಚಳವಾಗಿರುವುದು ಕಂಡುಬಂದಿದೆ ಎಂದು ವರದಿಯಲ್ಲಿ ತಿಳಿಸಲಾಗಿದೆ" ಅನ್ನೋ ಅಷ್ಟುದ್ದ ಮಾತು ಬಂದು ಕೂರುತ್ತೆ. ಪ್ರಯೋಗದಲ್ಲಿ ಒಂದೇ ಪದ ಸಾಕಾಗಿತ್ತು ಒರೆಸೋಕೆ, ಇಲ್ಲಿ ಐದಾರು ಪದ. ಅದೃಷ್ಟಕ್ಕೆ ಮಾತಾಡೋ ಕನ್ನಡದಲ್ಲಿ ಇದಕ್ಕೆ ಪರಿಹಾರ ರೆಡಿ ಇದೆ, ಯಾಕಂದ್ರೆ ನಾವು ಕ್ರಿಯಾಪದ ಇಲ್ಲದೇನೂ ವಾಕ್ಯ ಮುಗಿಸಬಹುದು. "ಕಳೆದ ವರ್ಷ ಜನ ಇಲ್ಲಿಂದ ತಗೊಂಡು ಹೋದ ಪುಸ್ತಕ ಎಷ್ಟು ಅಂದ್ರೆ, ನಲವತ್ತೆಂಟು ಸಾವಿರ." ಮುಗೀತು. ಸಂಖ್ಯೆಯೇ ಕೊನೆ. ಅದಾದ್ಮೇಲೆ ಒಂದು ಸೆಕೆಂಡು ಬಾಯಿ ಮುಚ್ಕೊಂಡು ನಿಲ್ಲೋದು, ಪೂರ್ತಿ ಒಂದು ಸೆಕೆಂಡು, ಓದೋರಿಗೆ ಅದು ತುಂಬಾ ಉದ್ದ ಅನ್ಸುತ್ತೆ ಆದ್ರೆ ಕೇಳೋರಿಗೆ ಒಂದು ಸಲ ಒಳಗೆ ಹೇಳ್ಕೊಳ್ಳೋಕೆ ಅಷ್ಟಾದ್ರೂ ಬೇಕು.

ಈ ಜೋಡಣೆಯಲ್ಲಿ ಇನ್ನೊಂದು ಒಳ್ಳೇದೂ ಇದೆ. ಸಂಖ್ಯೆ ಬರೋಕೆ ಮುಂಚೇನೇ ಅದು ಯಾವುದರ ಸಂಖ್ಯೆ ಅಂತ ಕೇಳೋರಿಗೆ ಗೊತ್ತಿರುತ್ತೆ. "48 ಸಾವಿರ" ಅಂತ ಮೊದಲು ಬಂದು ಆಮೇಲೆ "ಪುಸ್ತಕ" ಬಂದ್ರೆ ಅಷ್ಟು ಹೊತ್ತು ಸಂಖ್ಯೆಯನ್ನ ಖಾಲಿ ಕೈಯಲ್ಲಿ ಹಿಡ್ಕೊಂಡು ನಿಂತಿರಬೇಕು, ಎಲ್ಲಿ ಇಡೋದು ಅಂತ ಗೊತ್ತಾಗಲ್ಲ.

ಸರಿ, ಈಗ ಕೇಳಿಸೋ ವಿಷಯಕ್ಕೆ ಬರೋಣ, ಯಾಕಂದ್ರೆ ತಪ್ಪಾಗಿ ಕೇಳಿಸಿದ್ರೆ ನೆನಪಿದ್ದು ಏನು ಪ್ರಯೋಜನ. ಕನ್ನಡದಲ್ಲಿ ಒಂದೇ ಥರ ಕೇಳ್ಸೋ ಸಂಖ್ಯೆಗಳ ಜೋಡಿಗಳಿವೆ, ಓದೋರು ಅವನ್ನ ಮೊದಲೇ ಗುರುತಿಸಿ ಇಟ್ಕೋಬೇಕು. ಇಪ್ಪತ್ತು ಮತ್ತೆ ಎಪ್ಪತ್ತು, ಒಂದು ಸ್ವರದ ವ್ಯತ್ಯಾಸ ಅಷ್ಟೇ, ಮೈಕ್ ಕೆಟ್ಟದಾಗಿದ್ರೆ ಅಥವಾ ಫೋನಲ್ಲಿ ಆದ್ರೆ ಇಪ್ಪತ್ತೈದು ಎಪ್ಪತ್ತೈದಾಗುತ್ತೆ. ಇನ್ನೂರು ಮತ್ತೆ ಮುನ್ನೂರು. ಹದಿಮೂರು ಮತ್ತೆ ಹದಿನಾರು. ಒಂಬತ್ತು, ಎಂಬತ್ತು, ತೊಂಬತ್ತು, ಈ ಮೂರೂ ಒಂದೇ ಥರ ಮುಗಿಯುತ್ತೆ, ಮೊದಲ ಅಕ್ಷರ ನುಂಗಿದ್ರೆ ಹತ್ತು ಪಟ್ಟು ವ್ಯತ್ಯಾಸ. ಗಮನಿಸಿ, ಇವೆಲ್ಲದರಲ್ಲೂ ವ್ಯತ್ಯಾಸ ಇರೋದು ಪದದ ಶುರುವಿನಲ್ಲಿ ಅಥವಾ ಮಧ್ಯದಲ್ಲಿ, ಕೊನೆ ಒಂದೇ. ನಾವು ಬೇಗ ಬೇಗ ಓದುವಾಗ ಹಿಂದಿನ ಪದದ ಕೊನೇ ಸ್ವರ ಮುಂದಿನ ಪದದ ಮೊದಲ ಸ್ವರಕ್ಕೆ ಅಂಟ್ಕೊಂಡು ಬಿಡುತ್ತೆ, "ಸಾವಿರದೆಪ್ಪತ್ತು" ಅಂತ, ಸರಿಯಾಗಿ ಅಲ್ಲೇ ಮುಖ್ಯವಾದ ಅಕ್ಷರ ಮಸುಕಾಗೋದು.

ವಿಮಾನ ಓಡಿಸೋರು ರೇಡಿಯೋದಲ್ಲಿ ಇಂಥದ್ದಕ್ಕೆ ಅಂತಾನೇ ಅಂಕಿಗಳ ಉಚ್ಚಾರಣೆ ಬದಲಾಯಿಸ್ಕೊಂಡಿದ್ದಾರೆ, ಇಂಗ್ಲಿಷ್‌ನ ನೈನ್ ಅವರ ಬಾಯಲ್ಲಿ "ನೈನರ್", ಫೈವ್ "ಫೈಫ್". ಜರ್ಮನ್ ಭಾಷೆಯಲ್ಲಿ ಎರಡು ಅನ್ನೋದಕ್ಕೆ ಇರೋ "ತ್ಸ್ವೈ" ಮೂರಕ್ಕಿರೋ "ದ್ರೈ" ಥರ ಕೇಳ್ಸುತ್ತೆ ಅಂತ ಫೋನಲ್ಲಿ "ತ್ಸ್ವೋ" ಅಂತಾರೆ. ನಮ್ಮಲ್ಲಿ ಹಾಗೆ ಒಪ್ಪಿಕೊಂಡ ಬದಲಿ ಪದ ಇಲ್ಲ, ಅದಕ್ಕೆ ಮಾಡಬಹುದಾದ್ದು ಎರಡು. ಒಂದು, ಆ ಸಂಖ್ಯೆಯ ಮುಂಚೆ ಚೂರು ನಿಲ್ಲಿಸಿ ಮೊದಲ ಅಕ್ಷರಕ್ಕೆ ಒತ್ತು ಕೊಡೋದು. ಇನ್ನೊಂದು, ನಿಜವಾಗಲೂ ಮುಖ್ಯ ಆದ್ರೆ ಅಂಕಿಯನ್ನೂ ಬಿಡಿಸಿ ಹೇಳೋದು, "ಎಪ್ಪತ್ತು, ಏಳು ಸೊನ್ನೆ" ಅಂತ. ಏಳು ಅನ್ನೋದನ್ನ ಎರಡು ಅಂತ ಯಾರೂ ಕೇಳಿಸ್ಕೊಳ್ಳಲ್ಲ. ಎಲ್ಲಾ ಸಂಖ್ಯೆಗೂ ಹೀಗೆ ಮಾಡಿದ್ರೆ ಕೇಳೋರಿಗೆ ಸುಸ್ತಾಗುತ್ತೆ, ಇಡೀ ಓದಿನಲ್ಲಿ ಒಂದೋ ಎರಡೋ ಕಡೆ ಸಾಕು.

ದಶಾಂಶದ ಬಗ್ಗೆ ಒಂದೇ ಮಾತು. 3.14 ಅನ್ನೋದನ್ನ "ಮೂರು ಪಾಯಿಂಟ್ ಹದಿನಾಲ್ಕು" ಅಂತ ಓದಬೇಡಿ, "ಮೂರು ಪಾಯಿಂಟ್ ಒಂದು ನಾಲ್ಕು" ಅನ್ನಿ. ಹದಿನಾಲ್ಕು ಅಂತ ಕೇಳಿದ ಕಿವಿಗೆ ಪಕ್ಕದಲ್ಲೇ "ಮೂರು ಪಾಯಿಂಟ್ ಒಂಬತ್ತು" ಅಂತ ಬಂದ್ರೆ ಹದಿನಾಲ್ಕೇ ದೊಡ್ಡದು ಅನ್ಸುತ್ತೆ.

ಈಗ ಪರ್ಸೆಂಟು. ಇಲ್ಲಿ ಮರೆತು ಹೋಗೋದಕ್ಕಿಂತ ದೊಡ್ಡ ಅಪಾಯ ತಪ್ಪಾಗಿ ನೆನಪಿರೋದು. ಪರ್ಸೆಂಟ್ ಅನ್ನೋದು ಒಂಟಿಯಾಗಿ ನಿಲ್ಲೋ ಸಂಖ್ಯೆ ಅಲ್ಲ, ಯಾವುದರಲ್ಲಿ ಅಷ್ಟು ಅನ್ನೋದು ಜೊತೇಲಿ ಇರಲೇಬೇಕು, ಓದುವಾಗ ಅದೇ ಮೊದಲು ಉದುರಿ ಹೋಗೋದು. ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ಮತ್ತೆ ಜೊತೆಗಾರರು "ನಾಳೆ ಮಳೆ ಬರೋ ಸಾಧ್ಯತೆ 30 ಪರ್ಸೆಂಟು" ಅಂದ್ರೆ ಏನರ್ಥ ಅಂತ ಐದು ದೇಶಗಳ ನಗರಗಳಲ್ಲಿ ಜನರನ್ನ ಕೇಳಿ 2005ರಲ್ಲಿ ಪ್ರಕಟಿಸಿದ್ರು. ಕೆಲವರು ದಿನದ 30 ಪರ್ಸೆಂಟ್ ಹೊತ್ತು ಮಳೆ ಅಂದ್ರು, ಕೆಲವರು ಊರಿನ 30 ಪರ್ಸೆಂಟ್ ಜಾಗದಲ್ಲಿ ಅಂದ್ರು. ಹವಾಮಾನದವರು ಹೇಳಿದ್ದು ನಾಳೆಯಂಥ ನೂರು ದಿನ ತಗೊಂಡ್ರೆ ಅದರಲ್ಲಿ ಮೂವತ್ತು ದಿನ ಮಳೆ ಬರುತ್ತೆ ಅಂತ. ಸಂಖ್ಯೆ ಎಲ್ಲರಿಗೂ ಸರಿಯಾಗೇ ಕೇಳಿಸಿತ್ತು, ಯಾವುದರಲ್ಲಿ ಮೂವತ್ತು ಅನ್ನೋದು ಯಾರೂ ಹೇಳಿರಲಿಲ್ಲ ಅಷ್ಟೇ.

ಇದಕ್ಕಿಂತ ಗಂಭೀರವಾದ ಘಟನೆ ಬ್ರಿಟನ್‌ನಲ್ಲಿ ಆಗಿದ್ದು, 1995ರ ಅಕ್ಟೋಬರ್‌ನಲ್ಲಿ. ಹೊಸ ಥರದ ಕೆಲವು ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟೋ ಅಪಾಯ ಎರಡು ಪಟ್ಟು, ಅಂದ್ರೆ 100 ಪರ್ಸೆಂಟ್ ಜಾಸ್ತಿ ಅಂತ ಎಚ್ಚರಿಕೆ ಹೊರಟಿತು, ಸುದ್ದಿಯಲ್ಲಿ ಅದೇ ಓಡ್ತು. ಅಸಲಿ ಲೆಕ್ಕ ಏನಿತ್ತು ಅಂದ್ರೆ ಮೊದಲು 7,000 ಮಹಿಳೆಯರಲ್ಲಿ ಒಬ್ಬರಿಗೆ ಆಗ್ತಿದ್ದಿದ್ದು ಈಗ 7,000ದಲ್ಲಿ ಇಬ್ಬರಿಗೆ. ಎರಡೂ ಮಾತು ನಿಜ, ಆದ್ರೆ ಮೊದಲನೇದನ್ನ ಕೇಳಿದ ಎಷ್ಟೋ ಜನ ಹೆದರಿ ಮಾತ್ರೆ ಬಿಟ್ರು, ಮುಂದಿನ ವರ್ಷ ಇಂಗ್ಲೆಂಡ್ ಮತ್ತೆ ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತ ಹೆಚ್ಚಾದವು ಅಂತ ಗಿಗೆರೆಂಜರ್ ಬರೀತಾರೆ. "ಏಳು ಸಾವಿರ ಜನರಲ್ಲಿ ಒಬ್ಬರ ಬದಲು ಇಬ್ಬರು" ಅಂತ ಓದಿದ್ದಿದ್ರೆ ಪರ್ಸೆಂಟಿಗಿಂತ ಸ್ವಲ್ಪ ಉದ್ದ ಆಗ್ತಿತ್ತು, ಆದ್ರೆ ಯಾವುದರಲ್ಲಿ ಎಷ್ಟು ಅನ್ನೋದು ಜೊತೇಲೇ ಇರ್ತಿತ್ತು.

ನಮ್ಮ ಗ್ರಂಥಾಲಯಕ್ಕೆ ವಾಪಸ್ ಬಂದ್ರೆ, ತಡವಾಗಿ ಬಂದ ಪುಸ್ತಕ 8.1 ಪರ್ಸೆಂಟಿಂದ 12.2ಕ್ಕೆ ಹೋಗಿದೆ. ಇದನ್ನ ಎಷ್ಟು ಥರ ಹೇಳಬಹುದು ನೋಡಿ. ನೂರಕ್ಕೆ ನಾಲ್ಕು ಜಾಸ್ತಿ ಆಯ್ತು, ನಿಜ. ತಡ ಆಗೋ ಪ್ರಮಾಣವೇ 50 ಪರ್ಸೆಂಟ್ ಏರಿತು, ಇದೂ ನಿಜ, ಯಾಕಂದ್ರೆ ಎಂಟರ ಅರ್ಧ ನಾಲ್ಕು. ಒಟ್ಟು ಪುಸ್ತಕಗಳೂ ಜಾಸ್ತಿ ಆಗಿರೋದ್ರಿಂದ ಲೆಕ್ಕ ಹಾಕಿದ್ರೆ ತಡವಾಗಿ ಬಂದ ಪುಸ್ತಕ ಮೂರು ಸಾವಿರ ಚಿಲ್ಲರೆಯಿಂದ ಆರು ಸಾವಿರದ ಹತ್ರ ಹೋಗಿದೆ, ಹೆಚ್ಚುಕಡಿಮೆ ದುಪ್ಪಟ್ಟು, ಅದೂ ನಿಜ. ಓದೋರು ಯಾವುದನ್ನ ಆರಿಸ್ತಾರೋ ಅದರ ಮೇಲೆ ಕೇಳೋರು ಸಣ್ಣ ವಿಷಯ ಅಂದ್ಕೊಂಡು ಹೋಗ್ತಾರೋ ಗಾಬರಿ ಬೀಳ್ತಾರೋ ನಿಂತಿದೆ. ಜನರ ಅಭ್ಯಾಸ ಬದಲಾಗಿದೆಯಾ ಅನ್ನೋದು ಪ್ರಶ್ನೆ ಆದ್ರೆ ನೂರಕ್ಕೆ ಎಷ್ಟು ಅನ್ನೋದೇ ಸರಿ: "ಮೊದಲು ನೂರು ಪುಸ್ತಕ ಹೋದ್ರೆ ಎಂಟು ತಡವಾಗಿ ಬರ್ತಿತ್ತು, ಈಗ ಹನ್ನೆರಡು." ಕೌಂಟರ್‌ನಲ್ಲಿ ಕೂತವರಿಗೆ ಕೆಲಸ ಎಷ್ಟು ಜಾಸ್ತಿ ಆಗಿದೆ ಅನ್ನೋದು ಪ್ರಶ್ನೆ ಆದ್ರೆ ಮೂರು ಸಾವಿರದಿಂದ ಆರು ಸಾವಿರದ ಲೆಕ್ಕ ಹೇಳಬೇಕು. ಎರಡನ್ನೂ ಒಂದೇ ಉಸಿರಲ್ಲಿ ಹೇಳಿದ್ರೆ ಎರಡೂ ನಿಲ್ಲಲ್ಲ. ಮತ್ತೆ ಬರೀ "ನಾಲ್ಕು ಪರ್ಸೆಂಟ್ ಜಾಸ್ತಿ" ಅನ್ನೋದು ಮಾತ್ರ ಬೇಡ, ಅದನ್ನ ಕೇಳಿದವರು ಎಂಟರಲ್ಲಿ ನಾಲ್ಕು ಪರ್ಸೆಂಟ್ ಅಂತಾನೂ ಅರ್ಥ ಮಾಡ್ಕೋಬಹುದು, ಅಂದ್ರೆ ಏನೂ ಬದಲಾಗೇ ಇಲ್ಲ ಅಂತ.

ಇಲ್ಲೇ ಇನ್ನೊಂದು ಬಲೆ ಇದೆ. ಪರ್ಸೆಂಟ್ ಬೇಡ, ಸುಲಭ ಮಾಡೋಣ ಅಂತ ಕೆಲವರು "ಇಷ್ಟರಲ್ಲಿ ಒಂದು" ಅಂತ ತಿರುಗಿಸ್ತಾರೆ. 8.1 ಪರ್ಸೆಂಟ್ ಅಂದ್ರೆ ಸುಮಾರು ಹನ್ನೆರಡರಲ್ಲಿ ಒಂದು, 12.2 ಪರ್ಸೆಂಟ್ ಅಂದ್ರೆ ಸುಮಾರು ಎಂಟರಲ್ಲಿ ಒಂದು. ಈಗ ಓದಿ: "ಹನ್ನೆರಡರಲ್ಲಿ ಒಂದು ಇದ್ದಿದ್ದು ಎಂಟರಲ್ಲಿ ಒಂದಾಗಿದೆ." ಏರಿದ್ದು ಇಳಿದ ಹಾಗೆ ಕೇಳ್ಸುತ್ತೆ, ಕಿವಿ ಹಿಡಿಯೋದು ಹನ್ನೆರಡು ಎಂಟಾಯ್ತು ಅಂತ. "ಇಷ್ಟರಲ್ಲಿ ಒಂದು" ಅನ್ನೋದು ಒಂದೇ ಸಂಖ್ಯೆ ಇದ್ದಾಗ ಚೆನ್ನಾಗಿ ಕೂರುತ್ತೆ, ಎರಡನ್ನ ಹೋಲಿಸೋವಾಗ ಕೆಳಗಿನ ಸಂಖ್ಯೆ ಒಂದೇ ಇರಲಿ, ಎರಡೂ ನೂರರಲ್ಲಿ, ಅಥವಾ ಎರಡೂ ಸಾವಿರದಲ್ಲಿ.

23.5 ಪರ್ಸೆಂಟ್ ಹೆಚ್ಚಳಕ್ಕೆ ಏನ್ ಮಾಡೋದು? ಅದು ಕಾಲು ಭಾಗಕ್ಕೆ ಹತ್ರ ಇದೆ, ಪೂರ್ತಿ ಅಲ್ಲ. "ಮುಂಚೆ ನಾಲ್ಕು ಪುಸ್ತಕ ಹೋಗ್ತಿದ್ದ ಕಡೆ ಈಗ ಹತ್ತಿರ ಹತ್ತಿರ ಐದು ಹೋಗ್ತಿದೆ" ಅಂದ್ರೆ ಯಾರಿಗಾದ್ರೂ ಕಣ್ಣಿಗೆ ಕಟ್ಟುತ್ತೆ. ಆ "ಹತ್ತಿರ ಹತ್ತಿರ" ಬಿಡಬಾರದು, ಅದಿಲ್ಲದೆ ಹೇಳಿದ್ರೆ 25 ಪರ್ಸೆಂಟ್ ಅಂತ ಹೇಳಿದ ಹಾಗಾಗುತ್ತೆ.

ಕೊನೇದು ತಾರೀಕು. 30-06-2025 ಅಂತ ಇರೋದನ್ನ "ಮೂವತ್ತು ಆರು ಎರಡು ಸಾವಿರದ ಇಪ್ಪತ್ತೈದು" ಅಂತ ಓದಿದ್ರೆ ಕೇಳೋರಿಗೆ ಅದು ತಾರೀಕು ಅಂತ ಗೊತ್ತಾಗೋಷ್ಟರಲ್ಲೇ ಮುಗಿದಿರುತ್ತೆ, "ಮೂವತ್ತಾರು" ಅಂತ ಕೇಳಿಸಿದ್ರೂ ಆಶ್ಚರ್ಯ ಇಲ್ಲ. ತಿಂಗಳನ್ನ ಹೆಸರಿನಿಂದ ಹೇಳಬೇಕು, ಯಾವಾಗಲೂ. ಅದೇ ವರ್ಷದ ಒಳಗಿನ ತಾರೀಕು ಆದ್ರೆ ಇಸವಿ ಬಿಟ್ಟುಬಿಡಿ, ಎಲ್ಲರಿಗೂ ಗೊತ್ತಿರೋದನ್ನ ಹೇಳಿ ಹನ್ನೊಂದು ಅಕ್ಷರದ ಜಾಗ ಯಾಕೆ ತುಂಬಿಸಬೇಕು. ಅದರ ಬದಲು ವಾರ ಹೇಳಿ, ಯಾಕಂದ್ರೆ ಜನ ದಿನನಿತ್ಯ ಬದುಕೋದು ವಾರದ ಲೆಕ್ಕದಲ್ಲಿ, 30 ಅಂದ್ರೆ ಯಾವತ್ತು ಅಂತ ಹುಡುಕಬೇಕು ಆದ್ರೆ ಸೋಮವಾರ ಅಂದ ತಕ್ಷಣ ಅವತ್ತು ತಮಗೇನು ಕೆಲಸ ಇದೆ ಅಂತ ಹೊಳೆಯುತ್ತೆ. 2025ರ ಜೂನ್ 30 ಸೋಮವಾರ. ವಾರ ಹೇಳುವಾಗ ಕ್ಯಾಲೆಂಡರ್ ನೋಡಿ ಖಚಿತ ಮಾಡ್ಕೊಳ್ಳೇಬೇಕು, ತಾರೀಕು ಒಂದು ಹೇಳಿ ವಾರ ಇನ್ನೊಂದು ಹೇಳಿದ್ರೆ ಕೇಳಿದವರಲ್ಲಿ ಅರ್ಧ ಜನ ವಾರ ನಂಬ್ತಾರೆ, ಅರ್ಧ ಜನ ತಾರೀಕು. "ಬರೋ ಸೋಮವಾರ", "ಮುಂದಿನ ಸೋಮವಾರ" ಅನ್ನೋದಂತೂ ಶನಿವಾರ ಕೂತು ಹೇಳಿದ್ರೆ ನಾಡಿದ್ದೋ ಅಥವಾ ಅದರ ಆಚೆ ವಾರವೋ ಯಾರಿಗೂ ಗೊತ್ತಾಗಲ್ಲ.

ಇನ್ನೊಂದು, "30ರ ಒಳಗೆ" ಅನ್ನೋ ಮಾತು. 30ನೇ ತಾರೀಕು ಬಂದ್ರೆ ನಡೆಯುತ್ತಾ ಇಲ್ವಾ? ಕೆಲವರು ಅವತ್ತೂ ಸೇರಿಸ್ಕೊಂಡು ಅರ್ಥ ಮಾಡ್ಕೋತಾರೆ, ಕೆಲವರು 29ಕ್ಕೇ ಮುಗೀತು ಅಂದ್ಕೋತಾರೆ. "ರಾತ್ರಿ ಹನ್ನೆರಡರ ತನಕ" ಅನ್ನೋದೂ ಹಾಗೇ, ಆ ಹನ್ನೆರಡು ಯಾವ ದಿನಕ್ಕೆ ಸೇರಿದ್ದು ಅನ್ನೋ ಗೊಂದಲ. ಆಗೋ ಕೊನೇ ದಿನ ಯಾವುದು, ಆಗದ ಮೊದಲ ದಿನ ಯಾವುದು ಅಂತ ಎರಡನ್ನೂ ಹೇಳಿಬಿಟ್ರೆ ಮುಗೀತು: "ಜೂನ್ ಮೂವತ್ತು, ಸೋಮವಾರ ಕೊನೇ ದಿನ, ಅವತ್ತೂ ಮಾಡಿಸಬಹುದು, ಮಂಗಳವಾರ ಆಗಲ್ಲ."

ಹಳೇ ಇಸವಿಗಳ ವಿಷಯ ಸ್ವಲ್ಪ ಬೇರೆ, ಅಲ್ಲಿ ಕೇಳೋರು ಏನೂ ಮಾಡಬೇಕಾಗಿಲ್ಲ, ಅರ್ಥ ಆದ್ರೆ ಸಾಕು. "ಸಾವಿರದ ಒಂಬೈನೂರ ಅರವತ್ತೊಂಬತ್ತು" ಅನ್ನೋದು ಹದಿನಾಲ್ಕು ಅಕ್ಷರ, ಅಂಥವು ಎರಡು ಒಂದರ ಹಿಂದೆ ಒಂದು ಬಂದ್ರೆ ಮಧ್ಯದ ಅಂತರ ಲೆಕ್ಕ ಹಾಕೋಕೆ ಯಾರ ಕೈಲೂ ಆಗಲ್ಲ. ರೈಟ್ ಸಹೋದರರ ವಿಮಾನ ಹಾರಿದ್ದು 1903ರ ಡಿಸೆಂಬರ್‌ನಲ್ಲಿ, ಚಂದ್ರನ ಮೇಲೆ ಮನುಷ್ಯ ಇಳಿದಿದ್ದು 1969ರ ಜುಲೈನಲ್ಲಿ. ಎರಡು ಇಸವಿ ಓದೋ ಬದಲು ಮಧ್ಯದ ಅಂತರವನ್ನೇ ಕೊಡಿ, "ವಿಮಾನ ಹಾರಿ ಅರವತ್ತಾರು ವರ್ಷ ತುಂಬೋದ್ರೊಳಗೆ ಚಂದ್ರನ ಮೇಲೆ ಇಳಿದ್ರು" ಅಂತ. ಮೊದಲ ವಿಮಾನ ಹಾರಿದ ಹೊತ್ತಿಗೆ ಹುಟ್ಟಿದ ಮಗು ಅಜ್ಜ ಆಗಿ ಅದನ್ನ ನೋಡಿರಬಹುದು ಅಂತ ಕೇಳೋರಿಗೆ ತಾನೇ ಹೊಳೆಯುತ್ತೆ.

ಇಷ್ಟೆಲ್ಲಾ ಸೇರಿಸಿ ಆ ಪ್ಯಾರಾನ ಓದೋಕೆ ಅಂತ ಮತ್ತೆ ಬರೆದ್ರೆ ಹೀಗಾಗುತ್ತೆ. ಎರಡು ಗೆರೆ ಇರೋ ಕಡೆ ಒಂದು ಸೆಕೆಂಡ್ ನಿಲ್ಲೋದು. ಸಂಖ್ಯೆಗಳನ್ನ ಅಂಕಿಯಲ್ಲಿ ಬರೀದೆ ಅಕ್ಷರದಲ್ಲೇ ಬರ್ಕೊಳ್ಳಿ, ಯಾಕಂದ್ರೆ ನಿಂತ್ಕೊಂಡು ಓದುವಾಗ ಅಂಕಿ ನೋಡಿ ಬಾಯಿಗೆ ತಿರುಗಿಸೋ ಆ ಅರೆಕ್ಷಣದಲ್ಲೇ ತಡವರಿಸೋದು.

"ಕಳೆದ ವರ್ಷ ಜನ ಇಲ್ಲಿಂದ ತಗೊಂಡು ಹೋದ ಪುಸ್ತಕ ಎಷ್ಟು ಅಂದ್ರೆ, ನಲವತ್ತೆಂಟು ಸಾವಿರ. // ಅದರ ಹಿಂದಿನ ವರ್ಷ ನಾಲ್ಕು ಹೋಗ್ತಿದ್ದ ಕಡೆ ಈಗ ಹತ್ತಿರ ಹತ್ತಿರ ಐದು. // ಆದ್ರೆ ಪುಸ್ತಕ ವಾಪಸ್ ಬರೋದು ತಡ ಆಗ್ತಿದೆ. ಮೊದಲು ನೂರು ಪುಸ್ತಕದಲ್ಲಿ ತಡ ಆಗ್ತಿದ್ದಿದ್ದು ಎಂಟು, ಈಗ ಹನ್ನೆರಡು. // ಇನ್ನು ನಿಮ್ಮ ಸದಸ್ಯತ್ವ ರಿನ್ಯೂ ಮಾಡಿಸೋಕೆ ಕೊನೇ ದಿನ, ಜೂನ್ ಮೂವತ್ತು, ಸೋಮವಾರ. // ಸೋಮವಾರವೂ ಮಾಡಿಸಬಹುದು, ಮಂಗಳವಾರ ಆಗಲ್ಲ. ಜೂನ್ ಮೂವತ್ತು. //"

ತಾರೀಕನ್ನ ಎರಡು ಸಲ ಹೇಳಿದ್ದೀನಿ, ಎರಡೂ ಸಲ ಅದೇ ಪದಗಳಲ್ಲಿ, ಕೊನೇ ಮಾತೂ ಅದೇ. ಅದಾದ್ಮೇಲೆ ಧನ್ಯವಾದ ಹೇಳೋದಿದ್ರೂ ಆ ಒಂದು ಸೆಕೆಂಡ್ ಬಿಟ್ಟು ಹೇಳಿ.

ಇದು ಕೆಲಸ ಮಾಡ್ತಾ ಅಂತ ತಿಳ್ಕೊಳ್ಳೋಕೆ ಒಬ್ಬರಿಗೆ ಓದಿ ಹೇಳಿ, ಹತ್ತು ನಿಮಿಷ ಬೇರೆ ಏನಾದ್ರೂ ಮಾತಾಡಿ, ಆಮೇಲೆ ಏನೇನು ನೆನಪಿದೆ ಕೇಳಿ. ಎಷ್ಟು ನೆನಪಿದೆ ಅನ್ನೋದಕ್ಕಿಂತ ಯಾವ ಥರ ತಪ್ಪಿದೆ ಅನ್ನೋದನ್ನ ಗಮನಿಸಿ. "ನಲವತ್ತೆಂಟು ಸಾವಿರ, ಆದ್ರೆ ಯಾವುದು ಅಂತ ಗೊತ್ತಿಲ್ಲ" ಅಂದ್ರೆ ನೀವು ಸಂಖ್ಯೆಯನ್ನ ಅದರ ವಿಷಯಕ್ಕಿಂತ ಮುಂಚೆ ಹೇಳಿದ್ದೀರಿ. ಎಂಟು ಹನ್ನೆರಡು ಅದಲು ಬದಲಾಗಿದ್ರೆ ಎರಡರ ಮಧ್ಯೆ ನಿಲ್ಲಿಸಿಲ್ಲ, "ಮೊದಲು", "ಈಗ" ಅನ್ನೋದನ್ನ ಒತ್ತಿ ಹೇಳಿಲ್ಲ. ಇಪ್ಪತ್ತು ಎಪ್ಪತ್ತಾಗಿದ್ರೆ ಅದು ನೆನಪಿನ ಸಮಸ್ಯೆ ಅಲ್ಲ, ಉಚ್ಚಾರಣೆಯದ್ದು. ಪರ್ಸೆಂಟ್ ಸರಿಯಾಗಿ ಹೇಳಿ ಅದರಿಂದ ತಪ್ಪು ಅರ್ಥ ತೆಗೆದಿದ್ರೆ ಯಾವುದರಲ್ಲಿ ಅಷ್ಟು ಅನ್ನೋದು ಬಿಟ್ಟುಹೋಗಿದೆ. ಎಲ್ಲಾ ಮಸುಕು ಮಸುಕಾಗಿ ನೆನಪಿದ್ದು ತಾರೀಕು ಮಾತ್ರ ಹೋಗಿದೆ ಅಂದ್ರೆ ಅದರ ಮುಂಚೆ ಇರೋ ಸಂಖ್ಯೆಗಳಲ್ಲಿ ಒಂದನ್ನ ತೆಗೆದು ಹಾಕಿ, ನಮ್ಮ ಉದಾಹರಣೆಯಲ್ಲಿ ಆದ್ರೆ ನಾನು ಮೊದಲು ತೆಗೆಯೋದು ಆ ನಲವತ್ತೆಂಟು ಸಾವಿರವನ್ನೇ.